ಹಳೆಯ ನುಡಿ ಫೈಲುಗಳಿದ್ದರೆ ಹೇಳಿ

ಈ ತಿಂಗಳ ಅಂಕಣ ಅರ್ಧ ಜಾಹೀರಾತು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಳಕೂಟ್ಟದ ಟೆಕ್ನೋಪಾರ್ಕಿನಲ್ಲಿ ಹನ್ನೊಂದು ವರ್ಷ ಮಾಡಿದ ಕೆಲಸವನ್ನು ಬಿಟ್ಟಿದ್ದೇನೆ. ಉಳ್ಳೂರ್‌ನ ಬಾಡಿಗೆ ಮನೆಯ ಹಿಂದಿನ ಕೋಣೆಯಲ್ಲಿ ಮೇಜು ಹಾಕಿಕೊಂಡು ಸ್ವಂತವಾಗಿ ದುಡಿಯಲು ಶುರು ಮಾಡಿದ್ದೇನೆ. ಅಲ್ಲಿ ನನ್ನದು ಸಾಫ್ಟ್‌ವೇರ್‌ಗಳನ್ನು ಕನ್ನಡಕ್ಕೆ ತರುವ ತಂಡದ ಕೆಲಸವಾಗಿತ್ತು. ಇಲ್ಲಿ ಏನು ಮಾಡುತ್ತೇನೆ, ಯಾರಿಗೆ ಮಾಡುತ್ತೇನೆ, ಯಾರಿಗೆ ಮಾಡುವುದಿಲ್ಲ ಎನ್ನುವುದನ್ನು ಇಲ್ಲೇ ಬರೆಯುತ್ತಿದ್ದೇನೆ. ಮೆಟ್ರೊ ನಗರಗಳಲ್ಲಿರುವ ನಿಮ್ಮಲ್ಲೂ ಕೆಲವರು ಇದೇ ಹೊಸ್ತಿಲಲ್ಲಿ ಇರಬಹುದು. ಆದ್ದರಿಂದ ಲೆಕ್ಕವನ್ನೂ ಮುಚ್ಚಿಡುವುದಿಲ್ಲ.

ಕೆಲಸ ಬಿಟ್ಟವರು ಹಾಕುವ ಇಂಥ ಪ್ರಕಟಣೆಗಳನ್ನು ಹನ್ನೊಂದು ವರ್ಷದಲ್ಲಿ ಸಾಕಷ್ಟು ಓದಿದ್ದೇನೆ. ಹೆಚ್ಚಿನವು ‘ಇಷ್ಟು ವರ್ಷಗಳ ಅನುಭವದೊಂದಿಗೆ ಎಲ್ಲ ಬಗೆಯ ಸೇವೆಗಳನ್ನೂ ಒದಗಿಸಲಾಗುವುದು’ ಎಂದು ಮುಗಿಯುತ್ತವೆ. ಗೆಳೆಯರು ಶುಭಾಶಯ ಹೇಳುತ್ತಾರೆ, ಕೆಲಸ ಮಾತ್ರ ಬರುವುದಿಲ್ಲ. ಓದಿದವನಿಗೆ ‘ಇದು ನನಗೆ ಬೇಕಾದದ್ದು’ ಎಂದು ಅನ್ನಿಸುವ ಜಾಗವೇ ಅದರಲ್ಲಿ ಇರುವುದಿಲ್ಲ. ನಾನು ಪ್ರಕಟಣೆ ಬರೆಯಲು ಕೂತಾಗ ಮನೆಯವಳು, ‘ನಿಮ್ಮನ್ನು ಯಾರು ಕರೀತಾರೆ, ಯಾವಾಗ ಕರೀತಾರೆ, ಅದನ್ನು ಮೊದಲು ಬರೀರಿ’ ಎಂದಳು. ಅವಳು ಹೇಳಿದ ಕ್ರಮದಲ್ಲೇ ಬರೆಯುತ್ತೇನೆ.

ನನ್ನನ್ನು ಕರೆಯಬೇಕಾದವರು ಇವರು: 2000ರಿಂದ 2015ರ ನಡುವೆ ನುಡಿ ಅಥವಾ ಬರಹದಲ್ಲಿ ಕನ್ನಡ ಪುಸ್ತಕ, ಪತ್ರಿಕೆ, ಸ್ಮರಣ ಸಂಚಿಕೆ ಮಾಡಿಸಿ, ಆ ಫೈಲುಗಳನ್ನು ಸಿಡಿಯಲ್ಲೋ ಹಳೆಯ ಹಾರ್ಡ್ ಡಿಸ್ಕಿನಲ್ಲೋ ಇಟ್ಟುಕೊಂಡಿರುವ ಸಣ್ಣ ಪ್ರಕಾಶಕರು, ಸಂಘಗಳು, ಲೇಖಕರು. ಅವರು ಕರೆಯುವ ಹೊತ್ತು ಎಂದರೆ ಮರುಮುದ್ರಣಕ್ಕೋ ಇ-ಪುಸ್ತಕಕ್ಕೋ ಆ ಫೈಲು ತೆರೆದಾಗ ‘ಕನ್ನಡ’ ಎಂದಿರಬೇಕಾದ ಕಡೆ PÀ£ÀßqÀ ಎಂದು ಕಾಣಿಸಿದ ಹೊತ್ತು.

ಇದು ಫೈಲು ಕೆಟ್ಟದ್ದಲ್ಲ. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಕಂಪ್ಯೂಟರಿಗೆ ಗೊತ್ತಿರುವುದು P ಎಂಬ ಅಕ್ಷರ ಮಾತ್ರ, ಅದಕ್ಕೆ ಕ ಎಂಬ ಮುಖವಾಡ ಹಾಕುವುದು ಫಾಂಟು. ಫಾಂಟು ಇಲ್ಲದ ಯಂತ್ರದಲ್ಲಿ ಮುಖವಾಡ ಕಳಚುತ್ತದೆ. ಈಗಿನ ಯೂನಿಕೋಡ್‌ನಲ್ಲಿ ‘ಕ’ಗೆ ತನ್ನದೇ ಸಂಖ್ಯೆ ಇದೆ, ಫಾಂಟು ಬದಲಾದರೂ ಅದು ಕ ಆಗಿಯೇ ಉಳಿಯುತ್ತದೆ. ಹಳೆಯದನ್ನು ಯೂನಿಕೋಡ್‌ಗೆ ತಂದು, ಮೂಲದ ಜತೆ ಸಾಲುಸಾಲಾಗಿ ಓದಿ, ತಪ್ಪು ತಿದ್ದಿ ಕೊಡುವುದು ನನ್ನ ಮೊದಲನೆಯ ಸೇವೆ.

‘ಅದಕ್ಕೆ ಉಚಿತ ಪರಿವರ್ತಕಗಳು ಇವೆಯಲ್ಲ ಮಾರಾಯ್ರೆ’ ಎಂದು ನೀವು ಕೇಳುತ್ತೀರಿ. ಇವೆ, ನಾನೂ ಬಳಸುತ್ತೇನೆ. ನಿಮ್ಮದು ಹತ್ತು ಪುಟದ ಲೇಖನವಾದರೆ ನನಗೆ ಹಣ ಕೊಡಬೇಡಿ, ಅದರಲ್ಲೇ ಮಾಡಿಕೊಳ್ಳಿ. ಪುಸ್ತಕ ದೊಡ್ಡದಾದಾಗ ತೊಂದರೆ ಎಲ್ಲಿ ಬರುತ್ತದೆ ಎಂಬುದನ್ನು ಒಂದು ನಿಜವಾದ ಕೆಲಸದ ಮೂಲಕ ಹೇಳುತ್ತೇನೆ.

ಕೆಲಸ ಬಿಟ್ಟ ಎರಡನೆಯ ವಾರ ಕಾಸರಗೋಡು ಕಡೆಯ ಒಂದು ಸಂಘದವರು ತಮ್ಮ ಹಳೆಯ ಸ್ಮರಣ ಸಂಚಿಕೆಯನ್ನು ಕಳಿಸಿದರು. 240 ಪುಟ, ಪೇಜ್‌ಮೇಕರ್ 7ರಲ್ಲಿ ಮಾಡಿದ್ದು. ಪೇಜ್‌ಮೇಕರ್ ಎಂದೋ ನಿಂತುಹೋದ ತಂತ್ರಾಂಶ. ಈಗಿನ ಇನ್‌ಡಿಸೈನ್ ಆ ಫೈಲನ್ನು ತೆರೆಯುವುದಿಲ್ಲ. ಹಳೆಯ ಸಿಎಸ್6 ತೆರೆಯುತ್ತದೆ. ಹಾಗಾಗಿ ಮೊದಲ ಹೆಜ್ಜೆ ಹಳೆಯ ತಂತ್ರಾಂಶ ಇರುವ ಯಂತ್ರದಲ್ಲಿ ಫೈಲು ತೆರೆದು, ಒಂದೊಂದು ಲೇಖನದ ಪಠ್ಯವನ್ನೂ ಫಾಂಟಿನ ಹೆಸರು ಅಂಟಿಕೊಂಡಿರುವಂತೆಯೇ ಹೊರತೆಗೆಯುವುದು. ಫಾಂಟಿನ ಹೆಸರು ಏಕೆ ಬೇಕೆಂದರೆ, ಕನ್ನಡ ಲೇಖನದ ನಡುವೆ ಇಂಗ್ಲಿಷ್ ಹೆಸರು, ವಿಳಾಸ ಇದ್ದೇ ಇರುತ್ತದೆ. ಬರಿಯ ಪಠ್ಯವನ್ನು ಕತ್ತರಿಸಿ ಪರಿವರ್ತಕಕ್ಕೆ ಹಾಕಿದರೆ ಇಂಗ್ಲಿಷಿನ A ಅನುಸ್ವಾರವಾಗುತ್ತದೆ, G ಎಂಬುದು ಉ ಆಗುತ್ತದೆ. ಯಾರದೋ ಪದವಿ, ಊರು ಎಲ್ಲ ಕಲಸಿಹೋಗುತ್ತದೆ. ಯಾವ ತುಂಡು ನುಡಿಯಲ್ಲಿದೆ, ಯಾವುದು ಇಂಗ್ಲಿಷಿನಲ್ಲಿದೆ ಎಂದು ನೋಡಿ, ನುಡಿಯದನ್ನು ಮಾತ್ರ ಬದಲಿಸಬೇಕು.

ಎರಡನೆಯದು ಅಕ್ಷರಗಳ ಕ್ರಮ. ನುಡಿಯಲ್ಲಿ ‘ಧರ್ಮ’ ಎಂದರೆ zsÀªÀÄð. ಕಣ್ಣಿಗೆ ಕಾಣುವ ಹಾಗೆಯೇ ಮೊದಲು ಧ, ಆಮೇಲೆ ಮ, ಕೊನೆಗೆ ಅರ್ಕಾವತ್ತು. ಯೂನಿಕೋಡ್‌ನಲ್ಲಿ ನಾವು ಉಚ್ಚರಿಸುವ ಕ್ರಮ: ಧ, ರ್, ಮ. ಅಂದರೆ ಕೊನೆಯ ತುಂಡನ್ನು ಎತ್ತಿ ಮ-ದ ಹಿಂದಕ್ಕೆ ತಂದಿಡಬೇಕು. ‘ಸ್ತ್ರೀ’ ಇನ್ನೂ ತಮಾಷೆ. ಹಳೆಯ ಫೈಲಿನಲ್ಲಿ ಅದು ¹ÛçÃ, ಅಂದರೆ ಮೊದಲು ‘ಸಿ’, ಆಮೇಲೆ ತ ಒತ್ತು, ರ ಒತ್ತು, ಕೊನೆಗೆ ದೀರ್ಘ. ಯೂನಿಕೋಡ್‌ನಲ್ಲಿ ಸ್ವರ ಎಲ್ಲಕ್ಕಿಂತ ಕೊನೆಗೆ ಹೋಗಬೇಕು. ಒಳ್ಳೆಯ ಪರಿವರ್ತಕಗಳು ಇಷ್ಟನ್ನು ಸರಿಯಾಗಿಯೇ ಮಾಡುತ್ತವೆ. ಆದರೆ ಅಂದಿನ ಡಿಟಿಪಿಯವರು ಅಂದಕ್ಕಾಗಿ ಒತ್ತಕ್ಷರವನ್ನು ಕೈಯಾರೆ ಬೇರೆ ತುಂಡುಗಳಿಂದ ಜೋಡಿಸಿದ್ದರೆ, ನಡುವೆ ಒಂದು ಖಾಲಿ ಜಾಗ ಬಿಟ್ಟಿದ್ದರೆ ಯಂತ್ರ ಎಡವುತ್ತದೆ. ಮುದ್ರಿತ ಪುಟದಲ್ಲಿ ಅದು ಎಲ್ಲಿಯೂ ಗೊತ್ತಾಗಿರುವುದಿಲ್ಲ.

ಮೂರನೆಯದನ್ನು ನನ್ನ ವಿಳಾಸವೇ ತೋರಿಸುತ್ತದೆ. ‘ಉಳ್ಳೂರ್‌ನಲ್ಲಿ’ ಎಂದು ಬರೆದಾಗ ರ್ ಬೇರೆಯಾಗಿ, ನ ಬೇರೆಯಾಗಿ ನಿಲ್ಲಬೇಕು. ಹಳೆಯ ಫಾಂಟಿನಲ್ಲಿ ಅವು ಹೇಗೂ ಬೇರೆ ತುಂಡುಗಳು. ಯೂನಿಕೋಡ್‌ನಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟರೆ ಅವು ತಾವಾಗಿ ಕೂಡಿಕೊಂಡು ‘ಉಳ್ಳೂರ್ನಲ್ಲಿ’ ಆಗುತ್ತದೆ. ಕೂಡಬಾರದು ಎಂದು ಹೇಳಲು ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಹಾಕಬೇಕು. ‘ಸಾಫ್ಟ್‌ವೇರ್’ ‘ಸಾಫ್ಟ್ವೇರ್’ ಆಗುವುದೂ ಇದೇ ಕಾರಣಕ್ಕೆ. ಕೇರಳದ ಊರಿನ ಹೆಸರುಗಳು ಅರ್ಧಾಕ್ಷರದಲ್ಲಿ ಮುಗಿಯುವುದು ಹೆಚ್ಚು. ಹೀಗಾಗಿ ನಮ್ಮ ಕಡೆಯ ಪುಸ್ತಕಗಳಲ್ಲಿ ಈ ತೊಂದರೆ ಬೆಂಗಳೂರಿನ ಪುಸ್ತಕಗಳಿಗಿಂತ ಜಾಸ್ತಿ. ಎಲ್ಲ ಕಡೆಯೂ ಆ ಚಿಹ್ನೆ ಹಾಕುತ್ತೇನೆ ಎಂದು ಯಂತ್ರಕ್ಕೆ ಹೇಳಿದರೆ ಸರಿಯಾಗಿ ಕೂಡಬೇಕಾದವೂ ಬಿಟ್ಟುಕೊಳ್ಳುತ್ತವೆ. ಇಲ್ಲಿ ಓದುವ ಕಣ್ಣೇ ಬೇಕು.

ಆ ಸ್ಮರಣ ಸಂಚಿಕೆಯಲ್ಲಿ ಇದಕ್ಕಿಂತ ಕೆಟ್ಟದ್ದು ಒಂದಿತ್ತು. ಲೇಖನಗಳೆಲ್ಲ ನುಡಿಯಲ್ಲಿ. ಕೊನೆಯ ದಾನಿಗಳ ಪಟ್ಟಿ ಮಾತ್ರ ಬೇರೆ ಡಿಟಿಪಿ ಕೇಂದ್ರದಲ್ಲಿ ಶ್ರೀಲಿಪಿಯ ಫಾಂಟಿನಲ್ಲಿ ಆದದ್ದು. ಶ್ರೀಲಿಪಿಯ ಮನೆಗಳ ಹಂಚಿಕೆಯೇ ಬೇರೆ. ನುಡಿಯ ಕೋಷ್ಟಕದಿಂದ ಅದನ್ನು ಬದಲಿಸಿದರೆ ಯಂತ್ರ ದೂರು ಹೇಳುವುದಿಲ್ಲ. ಕನ್ನಡ ಅಕ್ಷರಗಳನ್ನೇ ಕೊಡುತ್ತದೆ, ಆದರೆ ಅವು ಯಾರ ಹೆಸರೂ ಅಲ್ಲ. ನಡುನಡುವೆ ತಲೆಯ ಮೇಲೆ ಗೆರೆ, ಚುಕ್ಕಿ ಇರುವ ಇಂಗ್ಲಿಷ್ ಅಕ್ಷರಗಳು ಉಳಿದುಕೊಂಡಿದ್ದರೆ ಕೋಷ್ಟಕ ತಪ್ಪಿದೆ ಎಂದು ತಿಳಿಯಬೇಕು. ಮೊದಲ ಗುರುತು ಅದೇ. ಲೇಖನದಲ್ಲಿ ಒಂದು ಒತ್ತು ತಪ್ಪಿದರೆ ಓದುಗ ಸರಿಪಡಿಸಿಕೊಂಡು ಓದುತ್ತಾನೆ. ಆ ಕಾಲದಲ್ಲಿ 501 ರೂಪಾಯಿ ಕೊಟ್ಟವರ ಹೆಸರು ಕೆಟ್ಟರೆ ಅವರ ಮಕ್ಕಳು ಸಂಘದ ಬಾಗಿಲಿಗೆ ಬರುತ್ತಾರೆ. ಆ ಪಟ್ಟಿಯನ್ನು ಅದರದೇ ಕೋಷ್ಟಕದಲ್ಲಿ ಬದಲಿಸಿ, ಮುದ್ರಿತ ಪ್ರತಿಯ ಜತೆ ಹೆಸರು ಹೆಸರಾಗಿ ಎರಡು ಸಲ ಓದಿದೆ.

ನೀವೇ ಮಾಡಿಕೊಳ್ಳುವವರಿಗೆ ಒಂದು ಸುಲಭದ ಪರೀಕ್ಷೆ ಹೇಳಿಬಿಡುತ್ತೇನೆ. ಬದಲಾದ ಪಠ್ಯದಲ್ಲಿ ಕನ್ನಡದ ಸೊನ್ನೆ ೦ ಎಂದು ಹುಡುಕಿ. ಅಕ್ಷರಗಳ ನಡುವೆ ಅದು ಸಿಕ್ಕಿದರೆ ಅಲ್ಲಿ ಯಾರೋ ಅನುಸ್ವಾರದ ಬದಲು ಸೊನ್ನೆ ಒತ್ತಿದ್ದಾರೆ. ಪುಟದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಆದರೆ ‘ಮಂಗಳೂರು’ ಎಂದು ಹುಡುಕಿದಾಗ ಆ ಪದ ಮಾತ್ರ ಸಿಗುವುದಿಲ್ಲ. ಇ-ಪುಸ್ತಕ ಮಾಡುವವರಿಗೆ ಇದು ಮುಖ್ಯ.

ಈಗ ದುಡ್ಡಿನ ಮಾತು. 240 ಪುಟ, ಪುಟಕ್ಕೆ ಸುಮಾರು 250 ಪದ, ಒಟ್ಟು 60,000 ಪದ. ಮೂಲದ ಜತೆ ಹೋಲಿಸಿ ಓದುವಾಗ ಗಂಟೆಗೆ 2,000 ಪದಕ್ಕಿಂತ ಹೆಚ್ಚು ನನ್ನಿಂದ ಆಗದು. ಅದಕ್ಕೆ 30 ಗಂಟೆ. ಫೈಲು ತೆರೆದು ಪಠ್ಯ ತೆಗೆಯಲು 6 ಗಂಟೆ, ಪರಿವರ್ತನೆಗೂ ದಾನಿಗಳ ಪಟ್ಟಿಗೂ 4. ಒಟ್ಟು 40 ಗಂಟೆ. ನನಗೆ ತಿಂಗಳಿಗೆ 60,000 ರೂಪಾಯಿ ಬಂದರೆ ಬಾಡಿಗೆ, ಮಗಳ ಶಾಲೆ, ಊರಿಗೆ ಕಳಿಸುವುದು ಸರಿಹೋಗುತ್ತದೆ. ತಿಂಗಳಿಗೆ 25 ದಿನ, ದಿನಕ್ಕೆ 8 ಗಂಟೆ ಕೂತರೆ 200 ಗಂಟೆ. ಆದರೆ ಫೋನು, ಬಿಲ್ಲು, ಮಾದರಿ ಮಾಡಿ ತೋರಿಸುವುದು, ಕೆಲಸವಿಲ್ಲದ ದಿನ, ಇವೆಲ್ಲ ಸೇರಿ ಅರ್ಧ ಹೋಗುತ್ತದೆ. ಹಣ ಬರುವ ಗಂಟೆ 100 ಎಂದಿಟ್ಟುಕೊಂಡರೆ ಗಂಟೆಗೆ 600 ರೂಪಾಯಿ. 40 ಗಂಟೆಗೆ 24,000. ಪುಟಕ್ಕೆ 100.

ಸಂಬಳವನ್ನು ಆಫೀಸಿನ ಗಂಟೆಗಳಿಂದ ಭಾಗಿಸಿ ದರ ಹೇಳುವವರನ್ನು ನೋಡಿದ್ದೇನೆ. ಅವರು ಆರು ತಿಂಗಳಲ್ಲಿ ಮತ್ತೆ ಕೆಲಸ ಹುಡುಕುತ್ತಾರೆ. ಕಚೇರಿಯಲ್ಲಿ ಚಹಾ ಕುಡಿದ ಗಂಟೆಗೂ ಸಂಬಳ ಇತ್ತು ಎನ್ನುವುದು ಆ ಭಾಗಾಕಾರದಲ್ಲಿ ಬರುವುದಿಲ್ಲ.

ಸಂಘದ ಕಾರ್ಯದರ್ಶಿ ವಯಸ್ಸಾದವರು. ಪುಟಕ್ಕೆ 100 ಎಂದಾಗ, ‘ಹೊಸತಾಗಿ ಟೈಪ್ ಮಾಡಿಸಿದರೆ ಇದಕ್ಕಿಂತ ಕಡಿಮೆಗೆ ಆಗುತ್ತದಲ್ಲ ಮಗಾ’ ಎಂದರು. ಅದು ನಿಜವಾದ ಪ್ರಶ್ನೆ. ಟೈಪು ಮಾಡಿಸಿದರೂ ಅದೇ 60,000 ಪದಗಳನ್ನು ಯಾರಾದರೂ ಓದಿ ತಿದ್ದಲೇಬೇಕು, ಹೊಸ ತಪ್ಪುಗಳು ಬೇರೆ ಸೇರಿರುತ್ತವೆ ಎಂದೆ. ಜತೆಗೆ ಇನ್ನೊಂದು ದಾರಿಯನ್ನೂ ಮುಂದಿಟ್ಟೆ. ಪರಿವರ್ತನೆ ಮತ್ತು ದಾನಿಗಳ ಪಟ್ಟಿ ನನ್ನದು, ಲೇಖನಗಳನ್ನು ಓದುವುದು ನಿಮ್ಮ ಸಂಘದ ನಿವೃತ್ತ ಮೇಷ್ಟ್ರುಗಳದ್ದು. ಆಗ 10 ಗಂಟೆ, 6,000 ರೂಪಾಯಿ. ದರ ಇಳಿಸಲಿಲ್ಲ, ಕೆಲಸವನ್ನು ಇಳಿಸಿದೆ. ಅವರು ಎರಡನೆಯದನ್ನೇ ಒಪ್ಪಿದರು. ನಿವೃತ್ತ ಮೇಷ್ಟ್ರುಗಳು ನನಗಿಂತ ಚೆನ್ನಾಗಿ ಓದಿದ್ದಾರೆ ಎನ್ನುವುದನ್ನೂ ಹೇಳಬೇಕು. ಹೀಗೆ ಓದಲು ಜನ ಇರುವ ಸಂಘಗಳೇ ನನಗೆ ಬೇಕಾದ ಗಿರಾಕಿಗಳು.

ನನ್ನ ಎರಡನೆಯ ಸೇವೆ ಮಲಯಾಳದಿಂದ ಕನ್ನಡಕ್ಕೆ ಸೂಚನಾಪತ್ರ, ಅರ್ಜಿ ನಮೂನೆ, ಮಾಹಿತಿ ಕೈಪಿಡಿಗಳ ಅನುವಾದ. ಕಾಸರಗೋಡಿನ ಕನ್ನಡಿಗರು ಸರ್ಕಾರದ ಜತೆ ಕನ್ನಡದಲ್ಲಿ ವ್ಯವಹರಿಸಬಹುದು ಎಂದು ಕೇರಳದ ಭಾಷಾ ಕಾನೂನೇ ಹೇಳುತ್ತದೆ. ಅಲ್ಲಿನ ಶಾಲೆ, ಸಹಕಾರಿ ಸಂಘ, ಸ್ವಯಂಸೇವಾ ಸಂಸ್ಥೆಗಳಿಗೆ ಎರಡೂ ಭಾಷೆಯ ಕಾಗದ ಬೇಕಾಗುತ್ತದೆ. ಇಲ್ಲಿ ಅಪಾಯ ಇರುವುದು ಗೊತ್ತಿಲ್ಲದ ಪದಗಳಲ್ಲಿ ಅಲ್ಲ, ಗೊತ್ತಿದೆ ಎಂದು ಅನ್ನಿಸುವ ಪದಗಳಲ್ಲಿ. ಮಲಯಾಳದ ‘ಅಪೇಕ್ಷ’ ಎಂದರೆ ಅರ್ಜಿ, ನಮ್ಮಲ್ಲಿ ಅಪೇಕ್ಷೆ ಎಂದರೆ ಆಸೆ. ಅವರ ‘ಪ್ರಸಂಗಂ’ ಭಾಷಣ, ನಮ್ಮ ಕಡೆಯವರಿಗೆ ಪ್ರಸಂಗ ಎಂದರೆ ರಾತ್ರಿಯಿಡೀ ಆಗುವ ಆಟ. ಇವು ನಗುವ ಮಟ್ಟಿಗೆ ಸರಿ. ‘ಅವಕಾಶಂ’ ಮಾತ್ರ ನಗುವ ಪದವಲ್ಲ. ಮಲಯಾಳದಲ್ಲಿ ಅದು ಹಕ್ಕು, ‘ಅವಕಾಶಿ’ ಎಂದರೆ ಹಕ್ಕುದಾರ, ವಾರಸುದಾರ. ‘ಈ ಸವಲತ್ತಿಗೆ ನಿಮಗೆ ಹಕ್ಕಿದೆ’ ಎಂಬ ಸಾಲು ಕನ್ನಡದಲ್ಲಿ ‘ನಿಮಗೆ ಅವಕಾಶವಿದೆ’ ಎಂದು ಬಂದರೆ, ಓದಿದ ಮುದುಕಿ ಯಾರಾದರೂ ಕೊಟ್ಟರೆ ಸಿಗಬಹುದು ಎಂದುಕೊಂಡು ಮನೆಗೆ ಹೋಗುತ್ತಾಳೆ. ಅವಳು ಕೇಳಿ ಪಡೆಯಬೇಕಾದದ್ದು ಅದು.

ಈ ಕೆಲಸಕ್ಕೆ ಬೇಕಾದ ಗಿರಾಕಿ ಯಾರೆಂದರೆ, ಮೂಲ ಬರೆದವರ ಬಳಿ ನನ್ನನ್ನು ಮಾತಾಡಿಸಲು ಬಿಡುವವರು. ‘ಇಲ್ಲಿ ಅರ್ಜಿದಾರ ಯಾರು, ಒಬ್ಬನೇ ಅಥವಾ ಮನೆಯವರೆಲ್ಲರೂ?’ ಎಂದು ಕೇಳಿದರೆ ಉತ್ತರ ಹೇಳುವ ಒಬ್ಬ ಮನುಷ್ಯ ಆ ಕಡೆ ಇರಬೇಕು. ಕೊಚ್ಚಿಯಲ್ಲಿ, ತಿರುವನಂತಪುರದಲ್ಲಿ ಇರುವವರಾದರೆ ಎದುರು ಕೂತೇ ಮಾಡಬಹುದು. ಕೋರ್ಟಿಗೆ ಹಾಕುವ ದಸ್ತಾವೇಜು, ಆಸ್ತಿ ಪತ್ರ, ಔಷಧಿಯ ಚೀಟಿ ನಾನು ಮುಟ್ಟುವುದಿಲ್ಲ. ಅವುಗಳಲ್ಲಿ ತಪ್ಪಿದರೆ ತುಂಬಿಕೊಡುವ ಶಕ್ತಿ ನನಗಿಲ್ಲ. ಇವತ್ತು ಕಳಿಸಿ ನಾಳೆ ಬೆಳಿಗ್ಗೆ ಬೇಕು ಎನ್ನುವವರಿಗೂ ನಾನು ಆಗಿಬರುವುದಿಲ್ಲ. ಅವರು ತಪ್ಪೆಂದಲ್ಲ, ನಾಲ್ಕು ಜನರ ತಂಡ ಇರುವ ಕಡೆ ಅವರಿಗೆ ಒಳ್ಳೆಯ ಕೆಲಸ ಸಿಗುತ್ತದೆ.

ಹಳೆಯ ಕಂಪನಿಯ ವಿಷಯವನ್ನು ಹೇಳದಿದ್ದರೆ ಪ್ರಕಟಣೆ ಅರ್ಧವಾದೀತು. ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಕಾಗದದಲ್ಲಿ, ಬಿಟ್ಟ ಮೇಲೆ ಎರಡು ವರ್ಷ ಇದೇ ಕ್ಷೇತ್ರದಲ್ಲಿ ದುಡಿಯಬಾರದು ಎಂಬ ಸಾಲು ಇತ್ತು. ಇದು ಅನೇಕರನ್ನು ಹೆದರಿಸಿ ಕೂರಿಸುವ ಸಾಲು. 1872ರ ಭಾರತೀಯ ಕರಾರು ಕಾಯ್ದೆಯ 27ನೆಯ ಸೆಕ್ಷನ್ ಪ್ರಕಾರ ಒಬ್ಬನ ಕಾನೂನುಬದ್ಧ ವೃತ್ತಿಯನ್ನು ತಡೆಯುವ ಕರಾರು ಆ ಮಟ್ಟಿಗೆ ಅನೂರ್ಜಿತ. ಕೆಲಸದಲ್ಲಿ ಇರುವಷ್ಟು ಕಾಲ ಬೇರೆಡೆ ದುಡಿಯಬೇಡ ಎಂದು ತಡೆಯಬಹುದು, ಬಿಟ್ಟ ಮೇಲಿನ ತಡೆ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟೂ ಹೇಳಿದೆ. ಆದರೆ ಅದೇ ಕಾಗದದ ಇನ್ನೊಂದು ಸಾಲು ಗಟ್ಟಿ: ಗುಟ್ಟು ಗುಟ್ಟಾಗಿಯೇ ಇರಬೇಕು. ಕೆಲಸದ ಭಾಗವಾಗಿ ಬರೆದದ್ದರ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕರದು. ಹನ್ನೊಂದು ವರ್ಷ ನಾನೇ ಕೂಡಿಸಿದ ಪಾರಿಭಾಷಿಕ ಪದಗಳ ಪಟ್ಟಿ, ಅನುವಾದಗಳ ಭಂಡಾರ ಎಲ್ಲವನ್ನೂ ಅಲ್ಲೇ ಬಿಟ್ಟು ಬಂದೆ. ಒಂದು ಫೈಲೂ ಪೆನ್ ಡ್ರೈವಿನಲ್ಲಿ ಬಂದಿಲ್ಲ. ಕೊನೆಯ ದಿನ ಲ್ಯಾಪ್‌ಟಾಪ್ ಒಪ್ಪಿಸುವಾಗ ಹೊಟ್ಟೆ ಉರಿದದ್ದು ಸುಳ್ಳಲ್ಲ. ತಲೆಯಲ್ಲಿ ಇರುವುದನ್ನು ಯಾರೂ ವಾಪಸ್ಸು ಕೇಳುವುದಿಲ್ಲ, ಅಷ್ಟೇ ಸಮಾಧಾನ. ಆ ಕಂಪನಿಯ ಗಿರಾಕಿಗಳಿಗೆ ನಾನು ಕರೆ ಮಾಡುವುದಿಲ್ಲ. ನನಗೆ ಬೇಕಾದವರು ಅವರಲ್ಲದ್ದರಿಂದ ಅದು ದೊಡ್ಡ ತ್ಯಾಗವೂ ಅಲ್ಲ.

ಬೆಂಗಳೂರಿನ ಕೆಲವರು ‘ಜಿಎಸ್‌ಟಿ ನಂಬರ್ ಕೊಡಿ, ನೀವು ಬೇರೆ ರಾಜ್ಯದವರು’ ಎನ್ನುತ್ತಾರೆ. ವರ್ಷದ ವಹಿವಾಟು 20 ಲಕ್ಷದ ಒಳಗಿದ್ದರೆ, ಸೇವೆ ಬೇರೆ ರಾಜ್ಯಕ್ಕೆ ಹೋದರೂ ನೋಂದಣಿ ಕಡ್ಡಾಯವಲ್ಲ. ನನ್ನದು ಆ ಮಿತಿಯ ಹತ್ತಿರಕ್ಕೂ ಇಲ್ಲ. ಹಾಗಾಗಿ ನನ್ನ ಬಿಲ್ಲಿನಲ್ಲಿ ಜಿಎಸ್‌ಟಿ ಇರುವುದಿಲ್ಲ. ಉದ್ಯಮ್ ನೋಂದಣಿ ಮಾತ್ರ ಮಾಡಿಸಿದ್ದೇನೆ, ಅದಕ್ಕೆ ಖರ್ಚಿಲ್ಲ. ಸಣ್ಣ ಉದ್ಯಮಗಳ 2006ರ ಕಾಯ್ದೆ ಪ್ರಕಾರ ಕರಾರಿನಲ್ಲಿ ಏನೇ ಬರೆದಿದ್ದರೂ 45 ದಿನದೊಳಗೆ ಹಣ ಕೊಡಬೇಕು. ಹಳ್ಳಿಯ ಸಂಘದ ಮೇಲೆ ಕಾಯ್ದೆ ಹಿಡಿದು ನಿಲ್ಲುವ ಆಸೆ ನನಗಿಲ್ಲ. ಅದಕ್ಕೇ ಮೂರನೆಯ ಒಂದು ಭಾಗ ಮುಂಗಡ, ಉಳಿದದ್ದು ಫೈಲು ಕೊಟ್ಟ 15 ದಿನದಲ್ಲಿ ಎಂದು ಮೊದಲೇ ಬರೆದುಕೊಡುತ್ತೇನೆ.

ಕೆಲಸ ಕಳಿಸುವವರು ಮೊದಲು ಇಷ್ಟು ಮಾಡಿ. ಮೂಲ ಫೈಲಿನಿಂದ ಹತ್ತು ಪುಟ, ಆ ಹತ್ತರಲ್ಲಿ ಹೆಸರುಗಳ ಪಟ್ಟಿಯೋ ಕೋಷ್ಟಕವೋ ಇರುವ ಒಂದಾದರೂ ಪುಟ ಇರಲಿ. ಜತೆಗೆ ಅದೇ ಪುಟಗಳ ಮುದ್ರಿತ ಪ್ರತಿಯ ಫೋಟೊ. ಫಾಂಟಿನ ಫೈಲುಗಳು ಹಳೆಯ ಕಂಪ್ಯೂಟರಿನಲ್ಲಿ ಇನ್ನೂ ಇದ್ದರೆ ಅವನ್ನೂ ಸೇರಿಸಿ. ಸಿಡಿಯಲ್ಲಿ ಇದ್ದರೆ ಇವತ್ತೇ ಒಂದು ನಕಲು ಮಾಡಿಟ್ಟುಕೊಳ್ಳಿ, ಹತ್ತು ಹದಿನೈದು ವರ್ಷದ ಸಿಡಿ ಮಳೆಗಾಲದ ಬೂಸಲು ಹಿಡಿದು ಓದದೇ ಹೋಗುವುದನ್ನು ನೋಡಿದ್ದೇನೆ. ಈ ಪತ್ರಿಕೆಯ ಸಂಪಾದಕರ ಮೂಲಕ ಕಳಿಸಿದರೆ ನನಗೆ ತಲುಪುತ್ತದೆ. ಮಾದರಿಯ ಹತ್ತು ಪುಟಕ್ಕೆ ಹಣವಿಲ್ಲ. ಒಂದು ವಾರದಲ್ಲಿ ಎಷ್ಟು ಗಂಟೆ, ಎಷ್ಟು ರೂಪಾಯಿ, ಯಾವುದನ್ನು ನೀವೇ ಮಾಡಿಕೊಳ್ಳಬಹುದು ಎಂದು ಬರೆದು ತಿಳಿಸುತ್ತೇನೆ. ಮುಂದಿನ ತಿಂಗಳ ಅಂಕಣ ಎಂದಿನಂತೆ ಬರುತ್ತದೆ, ಅದರಲ್ಲಿ ಜಾಹೀರಾತು ಇರುವುದಿಲ್ಲ.